ಆಷಾಢ ಕಳೆದರೂ ಕೆಳಗಿಳಿಯದ ರಿಯಾಯಿತಿ ಫಲಕ: ಎದುರುಬದುರು ಅಂಗಡಿಗಳ ಗೇಮ್ ಥಿಯರಿ

ಆಷಾಢ ಬಂದರೆ ನಮ್ಮ ಪೇಟೆ ಬೀದಿಗಳಲ್ಲಿ ರಿಯಾಯಿತಿಯ ಫಲಕಗಳು ಏಳುತ್ತವೆ. ಮದುವೆ, ಗೃಹಪ್ರವೇಶಗಳಿಲ್ಲದ ತಿಂಗಳು, ವ್ಯಾಪಾರ ಮಂದ. ಉಳಿದ ಸರಕನ್ನು ಕರಗಿಸಲು ಅಂಗಡಿಯವರು ಬೆಲೆ ಇಳಿಸುವುದು ಸಹಜ. ಆಶ್ಚರ್ಯ ಹುಟ್ಟಿಸುವುದು ಆಮೇಲಿನ ಸಂಗತಿ. ಶ್ರಾವಣ ಬಂದು ಗಿರಾಕಿಗಳು ತಾವಾಗಿಯೇ ಅಂಗಡಿಯ ಮೆಟ್ಟಿಲು ಹತ್ತುವ ಕಾಲದಲ್ಲೂ ಕೆಲವು ಬೀದಿಗಳಲ್ಲಿ ಎದುರುಬದುರಾಗಿರುವ ಎರಡು ಅಂಗಡಿಗಳ ಫಲಕಗಳು ಹಾಗೆಯೇ ನೇತಾಡುತ್ತಿರುತ್ತವೆ. ಒಳಗೆ ಹೋಗಿ ಕೇಳಿದರೆ ಇಬ್ಬರದೂ ಒಂದೇ ಉತ್ತರ: "ಅವರು ನಿಲ್ಲಿಸಲಿ, ನಾವೂ ನಿಲ್ಲಿಸುತ್ತೇವೆ."

ಬೀದಿಯ ಜನ ಇದಕ್ಕೆ ಹಠವೆಂದೋ ಹಗೆಯೆಂದೋ ಹೆಸರಿಡುತ್ತಾರೆ. ನನ್ನ ಮಟ್ಟಿಗೆ ಅದು ಅಂಗಡಿಯವರಿಗೆ ಮಾಡುವ ಅನ್ಯಾಯ. ಇಬ್ಬರೂ ಸಮಾಧಾನದ ಮನುಷ್ಯರಾಗಿದ್ದು, ಒಬ್ಬರ ಮೇಲೊಬ್ಬರಿಗೆ ಎಳ್ಳಷ್ಟೂ ಸಿಟ್ಟಿಲ್ಲದೆ, ಪ್ರತಿ ಹೆಜ್ಜೆಯಲ್ಲೂ ಸರಿಯಾಗಿಯೇ ಲೆಕ್ಕ ಹಾಕಿದರೂ ಇದೇ ಕೆಸರಿಗೆ ಇಳಿಯುತ್ತಾರೆ. ಗೇಮ್ ಥಿಯರಿ ಎಂಬ ಗಣಿತ ಇದನ್ನೇ ತೋರಿಸುತ್ತದೆ. ನನಗೆ ಸಿಗುವ ಫಲ ನನ್ನ ನಿರ್ಧಾರದ ಜೊತೆಗೆ ನಿಮ್ಮ ನಿರ್ಧಾರವನ್ನೂ ಅವಲಂಬಿಸಿದ್ದಾಗ ನಾವಿಬ್ಬರೂ ಏನು ಮಾಡುತ್ತೇವೆ ಎಂಬುದು ಅದರ ವಿಷಯ. ಚದುರಂಗವೂ ಅಂಥ ಒಂದು ಆಟ, ವ್ಯಾಪಾರವೂ ಅಂಥದೇ.

ಒಂದು ಲೆಕ್ಕ ಮಾಡಿ ನೋಡೋಣ. ಚಿಕ್ಕ ಊರು, ಎರಡು ಅಂಗಡಿ. ಒಂದು ಮೂಲೆಯ ಅಂಗಡಿ, ಇನ್ನೊಂದು ಅದರ ಎದುರಿನದು. ಇಬ್ಬರೂ ಒಂದೇ ಕಂಪನಿಯ ಒಂದೇ ಮಾದರಿಯ ಮಿಕ್ಸಿ ಮಾರುತ್ತಾರೆ. ಸಗಟು ವ್ಯಾಪಾರಿಯಿಂದ ಬರುವ ಅಸಲು ಬೆಲೆ ಇಬ್ಬರಿಗೂ 2,400 ರೂಪಾಯಿ, ಮಾರುವ ಬೆಲೆ 3,000. ಒಂದು ಮಿಕ್ಸಿಗೆ 600 ರೂಪಾಯಿ ಉಳಿಯುತ್ತದೆ. ಊರಿನಲ್ಲಿ ತಿಂಗಳಿಗೆ 100 ಮಿಕ್ಸಿ ಮಾರಾಟವಾಗುತ್ತವೆ. ಬೆಲೆ ಸಮನಾಗಿದ್ದರೆ ಗಿರಾಕಿಗಳು ಅರ್ಧಕ್ಕರ್ಧ ಹಂಚಿಹೋಗುತ್ತಾರೆ. ತಲಾ 50 ಮಿಕ್ಸಿ, ತಲಾ 30,000 ರೂಪಾಯಿ ಲಾಭ.

ಒಬ್ಬರು ನೂರು ರೂಪಾಯಿ ಇಳಿಸಿದರೆ ಎದುರಿನವರ 50 ಗಿರಾಕಿಗಳಲ್ಲಿ 35 ಮಂದಿ ರಸ್ತೆ ದಾಟಿ ಬರುತ್ತಾರೆ ಎಂದುಕೊಳ್ಳಿ. ಉಳಿದ 15 ಮಂದಿ ಕದಲುವುದಿಲ್ಲ. ಅಲ್ಲಿ ಅವರ ಸಾಲದ ಖಾತೆ ಇದೆ, ಅಪ್ಪನ ಕಾಲದ ಪರಿಚಯವಿದೆ, ಕೆಟ್ಟರೆ ಅವರೇ ರಿಪೇರಿ ಮಾಡಿಸಿಕೊಡುತ್ತಾರೆಂಬ ನಂಬಿಕೆಯಿದೆ. ನೂರು ರೂಪಾಯಿ ಅಗ್ಗವಾಯಿತೆಂದು ಯಾರೂ ಎರಡು ಮಿಕ್ಸಿ ಕೊಳ್ಳುವುದಿಲ್ಲವಾದ್ದರಿಂದ ಊರಿನ ಒಟ್ಟು ಮಾರಾಟ ನೂರರಲ್ಲೇ ಇರುತ್ತದೆ.

ಈಗ ಮೂಲೆಯ ಅಂಗಡಿಯವರ ಗಲ್ಲಾದ ಹಿಂದೆ ಕುಳಿತು ಯೋಚಿಸಿ. ಎದುರಿನವರು 3,000 ರೂಪಾಯಿಯಲ್ಲೇ ಇದ್ದಾರೆ. ನಾನೂ ಅಲ್ಲೇ ಇದ್ದರೆ 30,000. ನಾನು 2,900ಕ್ಕೆ ಇಳಿಸಿದರೆ ಒಂದರ ಮೇಲೆ 500 ರೂಪಾಯಿಯಂತೆ 85 ಮಿಕ್ಸಿಗೆ 42,500. ಇಳಿಸುವುದೇ ಲಾಭ. ಎದುರಿನವರು ಈಗಾಗಲೇ 2,900ಕ್ಕೆ ಇಳಿಸಿಬಿಟ್ಟಿದ್ದರೆ? ನಾನು 3,000ಕ್ಕೆ ಅಂಟಿಕೊಂಡರೆ ನನ್ನ ಪಾಲಿಗೆ ಆ 15 ಗಿರಾಕಿಗಳು ಮಾತ್ರ, ಲಾಭ 9,000. ಅವರ ಸಮಕ್ಕೆ ಇಳಿಸಿದರೆ 50 ಮಿಕ್ಸಿ, 25,000. ಆಗಲೂ ಇಳಿಸುವುದೇ ಲಾಭ.

ಇದೇ ಈ ವಿಷಯದ ತಿರುಳು. ಎದುರಿನವರು ಏನೇ ಮಾಡಲಿ, ನನಗೆ ಇಳಿಸುವುದೇ ಮೇಲು. ಅವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಅಗತ್ಯವೂ ನನಗಿಲ್ಲ. ಎದುರಿನವರ ಗಲ್ಲಾದ ಹಿಂದೆಯೂ ಇದೇ ಲೆಕ್ಕ ನಡೆಯುತ್ತದೆ, ಇದೇ ಉತ್ತರ ಬರುತ್ತದೆ. ಇಬ್ಬರೂ ಇಳಿಸುತ್ತಾರೆ. ಕೊನೆಗೆ ಗಿರಾಕಿಗಳು ಮೊದಲಿನಂತೆಯೇ ಐವತ್ತು ಐವತ್ತು, ಲಾಭ ಮಾತ್ರ 30,000ದಿಂದ 25,000ಕ್ಕೆ ಬಂದಿರುತ್ತದೆ. ಯಾರೂ ತಪ್ಪು ಲೆಕ್ಕ ಮಾಡಲಿಲ್ಲ, ಆದರೂ ಇಬ್ಬರೂ ಐದೈದು ಸಾವಿರ ಕಳೆದುಕೊಂಡರು.

ಗೇಮ್ ಥಿಯರಿಯಲ್ಲಿ ಈ ಆಕಾರದ ಆಟಕ್ಕೆ ಕೈದಿಗಳ ಇಕ್ಕಟ್ಟು ಎಂಬ ಹೆಸರಿದೆ. ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಎಂಬ ಗಣಿತಜ್ಞರು 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಇದನ್ನು ಬರೀ ಅಂಕಿಗಳ ಆಟವಾಗಿ ರೂಪಿಸಿದರು. ಅದೇ ವರ್ಷ ಆಲ್ಬರ್ಟ್ ಟಕ್ಕರ್ ಎಂಬ ಪ್ರಾಧ್ಯಾಪಕರು ಮನಶ್ಶಾಸ್ತ್ರಜ್ಞರಿಗೆ ಇದನ್ನು ತಿಳಿಸಬೇಕಾದಾಗ ಅಂಕಿಗಳಿಗೊಂದು ಕಥೆ ಕಟ್ಟಿದರು. ಜೊತೆಗೂಡಿ ಅಪರಾಧ ಮಾಡಿದ ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ್ದಾರೆ. ಇಬ್ಬರೂ ಬಾಯಿ ಬಿಡದಿದ್ದರೆ ಇಬ್ಬರೂ ಹಗುರವಾಗಿ ಪಾರು. ಆದರೆ ಒಬ್ಬ ತಪ್ಪೊಪ್ಪಿಕೊಂಡು ಇನ್ನೊಬ್ಬನ ಹೆಸರು ಹೇಳಿದರೆ ಹೇಳಿದವನಿಗೆ ಬಿಡುಗಡೆ, ಸುಮ್ಮನಿದ್ದವನಿಗೆ ಕಠಿಣ ಶಿಕ್ಷೆ. ಹೀಗಾಗಿ ಇಬ್ಬರೂ ಹೇಳಿಬಿಡುತ್ತಾರೆ, ಇಬ್ಬರೂ ಜೈಲು ಸೇರುತ್ತಾರೆ. ಬೆಲೆ ಇಳಿಸುವುದು ಎಂದರೆ ನಮ್ಮ ಕಥೆಯಲ್ಲಿ ಬಾಯಿ ಬಿಡುವುದು.

ಯುದ್ಧ ನೂರು ರೂಪಾಯಿಗೆ ನಿಲ್ಲುವುದಿಲ್ಲ. ಇಬ್ಬರೂ 2,900ರಲ್ಲಿದ್ದಾಗ ಒಬ್ಬರು 2,800ಕ್ಕೆ ಇಳಿಸಿದರೆ 85 ಮಿಕ್ಸಿಗೆ 34,000 ಸಿಗುತ್ತದೆ. ಇದು ಕೈಯಲ್ಲಿರುವ 25,000ಕ್ಕಿಂತ ಹೆಚ್ಚು. ಇನ್ನೊಬ್ಬರು ಹಿಂಬಾಲಿಸುತ್ತಾರೆ, ಲಾಭ ತಲಾ 20,000ಕ್ಕೆ ಬರುತ್ತದೆ. ಅಲ್ಲಿಂದ 2,700ಕ್ಕೆ ಇಳಿಸಿದವರಿಗೆ 25,500 ಸಿಗುತ್ತದೆ. ಮತ್ತೆ ಹಿಂಬಾಲಿಸಿದಾಗ ತಲಾ 15,000. ಅಲ್ಲಿಂದ 2,600ಕ್ಕೆ ಇಳಿಸಿದರೆ 17,000, ಹಿಂಬಾಲಿಸಿದ ಮೇಲೆ ತಲಾ 10,000. ಇಲ್ಲಿ ಕಾಲು ನೆಲಕ್ಕೆ ತಾಗುತ್ತದೆ. 2,500ಕ್ಕೆ ಇಳಿಸಿದರೆ 85 ಮಿಕ್ಸಿ ಮಾರಿದರೂ ಬರುವುದು 8,500, ಈಗಿರುವ 10,000ಕ್ಕಿಂತ ಕಡಿಮೆ. ಕೆಳಗೆ ಹೋಗುವುದರಲ್ಲಿ ಲಾಭವಿಲ್ಲ. ಹಾಗೆಂದು ಮೇಲೂ ಹೋಗಲಾಗದು. ಒಬ್ಬರೇ ಹಳೆಯ 3,000ಕ್ಕೆ ಹಿಂದಿರುಗಿದರೆ ಅವರಿಗೆ ಉಳಿಯುವುದು ಆ 15 ಗಿರಾಕಿಗಳ 9,000, ಅದೂ ಕಡಿಮೆಯೇ.

ಒಬ್ಬರೇ ಜಾಗ ಬದಲಿಸಿ ಯಾವ ದಿಕ್ಕಿನಲ್ಲೂ ಲಾಭ ಕಾಣದ ಇಂಥ ಸ್ಥಿತಿಗೆ ನ್ಯಾಶ್ ಸಮತೋಲನ ಎನ್ನುತ್ತಾರೆ. ಟಕ್ಕರ್ ಅವರ ವಿದ್ಯಾರ್ಥಿ ಜಾನ್ ನ್ಯಾಶ್ 1950ರಲ್ಲಿ ಇದನ್ನು ಮಂಡಿಸಿದರು. ಸಮತೋಲನ ಎಂದ ಕೂಡಲೇ ಒಳ್ಳೆಯ ಸ್ಥಿತಿ ಎಂದು ಅನ್ನಿಸಬಹುದು, ಹಾಗೇನೂ ಇಲ್ಲ. ತಲಾ 30,000 ಗಳಿಸುತ್ತಿದ್ದ ಇಬ್ಬರು ತಲಾ 10,000ಕ್ಕೆ ಬಂದು ಕುಳಿತಿದ್ದಾರೆ, ಇಬ್ಬರಿಗೂ ಮೇಲಿನ ಸ್ಥಿತಿ ಬೇಕು, ಆದರೆ ಮೊದಲು ಏಳುವವರು ಬೀಳುತ್ತಾರೆ. "ಅವರು ನಿಲ್ಲಿಸಲಿ" ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ.

ಈ ನೆಲ 2,600ರಲ್ಲಿ ಸಿಕ್ಕಿದ್ದು ಕದಲದ 15 ಗಿರಾಕಿಗಳಿಂದ, ಜೊತೆಗೆ ಬೆಲೆ ನೂರು ನೂರಾಗಿ ಇಳಿಯುತ್ತದೆ ಎಂದು ನಾವು ಇಟ್ಟುಕೊಂಡದ್ದರಿಂದ. ಅಂಥ ನಂಬುಗೆಯ ಗಿರಾಕಿಗಳೇ ಇಲ್ಲದೆ, ಒಂದು ರೂಪಾಯಿ ವ್ಯತ್ಯಾಸಕ್ಕೂ ಎಲ್ಲರೂ ಓಡುವಂತಿದ್ದರೆ ಬೆಲೆ ಅಸಲಿಗೇ ಹೋಗಿ ಮುಟ್ಟುತ್ತದೆ. ಸರಕು ಒಂದೇ ಆಗಿದ್ದರೆ ಬೆಲೆಯನ್ನು ಅಸಲಿಗೆ ತರಲು ಇಬ್ಬರು ವ್ಯಾಪಾರಿಗಳೇ ಸಾಕು ಎಂಬ ಈ ಮಾತಿನ ಮೂಲ ಫ್ರಾನ್ಸಿನ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1883ರಲ್ಲಿ ಬರೆದ ಒಂದು ವಿಮರ್ಶೆ.

ಇನ್ನೊಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸಬೇಕು. ಮಳಿಗೆಯ ಬಾಡಿಗೆ, ಕೆಲಸದ ಹುಡುಗರ ಸಂಬಳ ಕೈಕಚ್ಚತೊಡಗಿದಾಗ ಅವರೇ ನಿಲ್ಲಿಸುತ್ತಾರೆ ಎಂದು ಜನ ಹೇಳುತ್ತಾರೆ. ನಿಲ್ಲಿಸುವುದಿಲ್ಲ. ಬಾಡಿಗೆ 12,000 ಇದ್ದು ಲಾಭ 10,000ಕ್ಕೆ ಇಳಿದರೆ ನಷ್ಟವೇನೋ ನಿಜ. ಆದರೆ ಮಿಕ್ಸಿಯನ್ನು 2,600ಕ್ಕೆ ಮಾರಿದರೂ 3,000ಕ್ಕೆ ಮಾರಿದರೂ ಬಾಡಿಗೆ ಅಷ್ಟೇ. ಒಬ್ಬರೇ ಬೆಲೆ ಏರಿಸಿದರೆ ನಷ್ಟ ಎರಡು ಸಾವಿರದಿಂದ ಮೂರು ಸಾವಿರಕ್ಕೆ ಹೋಗುತ್ತದೆ. ಆದ್ದರಿಂದ ಬಾಡಿಗೆಯ ಭಾರ ಅಂಗಡಿಯನ್ನು ಮುಚ್ಚಿಸಬಹುದೇ ಹೊರತು ಬೆಲೆಯನ್ನು ಏರಿಸುವುದಿಲ್ಲ.

ಆದರೆ ಎಲ್ಲ ಬೀದಿಗಳಲ್ಲೂ ಹೀಗಾಗುವುದಿಲ್ಲ. ಎಷ್ಟೋ ಊರುಗಳಲ್ಲಿ ಎದುರುಬದುರು ಅಂಗಡಿಗಳು ವರ್ಷಗಟ್ಟಲೆ ಒಂದೇ ಬೆಲೆಗೆ ಮಾರುತ್ತಾ ಬಾಳುತ್ತವೆ. ಇದಕ್ಕೆ ಕಾರಣ, ಟಕ್ಕರ್ ಅವರ ಕೈದಿಗಳಿಗೆ ಇಲ್ಲದ ಒಂದು ಸೌಲಭ್ಯ ಅಂಗಡಿಯವರಿಗಿದೆ. ಕೈದಿಗಳು ಆಟವನ್ನು ಒಂದೇ ಸಲ ಆಡುತ್ತಾರೆ. ಅಂಗಡಿಯವರು ನಾಳೆಯೂ ಬಾಗಿಲು ತೆರೆಯುತ್ತಾರೆ.

ನಾಳೆ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಇಬ್ಬರೂ 3,000ದಲ್ಲಿದ್ದಾಗ ನಾನು ಬೆಲೆ ಇಳಿಸಿದರೆ ಈ ತಿಂಗಳು ನನಗೆ 12,500 ಹೆಚ್ಚುವರಿ. ಆದರೆ ಮುಂದಿನ ತಿಂಗಳಿನಿಂದ ಯುದ್ಧ ತಳ ಮುಟ್ಟಿದರೆ ಪ್ರತಿ ತಿಂಗಳೂ 20,000 ಖೋತಾ. ಒಂದು ತಿಂಗಳ ಗಳಿಕೆಯನ್ನು ಎರಡನೆಯ ತಿಂಗಳೇ ನುಂಗಿಹಾಕುತ್ತದೆ. ಯಾವ ತಿಂಗಳಲ್ಲಿ ನಿಂತು ನೋಡಿದರೂ ಮುಂದಿನ ತಿಂಗಳೂ ಈ ವ್ಯಾಪಾರ ನಡೆಯುತ್ತದೆ ಎಂಬ ಸಂಭವ ಹತ್ತರಲ್ಲಿ ನಾಲ್ಕರಷ್ಟಿದ್ದರೂ ಸಾಕು, ಮುಂದಿನ ಎಲ್ಲ ತಿಂಗಳುಗಳ ಖೋತಾವನ್ನು ಕೂಡಿ ನೋಡಿದರೆ ಕೈ ಕಟ್ಟಿ ಕೂರುವುದೇ ಲಾಭವಾಗುತ್ತದೆ. ಒಳ್ಳೆಯತನದ ಮಾತೇ ಇಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿ. ಮೊದಲು ಯುದ್ಧಕ್ಕೆ ಇಳಿಸಿದ ಅದೇ ಸ್ವಾರ್ಥವೇ ಈಗ ಶಾಂತಿಯಲ್ಲಿ ಇರಿಸುತ್ತದೆ.

ಈ ಶಾಂತಿಗೆ ಒಂದು ಷರತ್ತು ಇದೆ. ಆಟ ಯಾವಾಗ ಮುಗಿಯುತ್ತದೆ ಎಂದು ಗೊತ್ತಿರಬಾರದು. ಎದುರಿನ ಅಂಗಡಿಯವರು ಮಾರ್ಚ್ ಕೊನೆಗೆ ಮಳಿಗೆ ಖಾಲಿ ಮಾಡಿ ಮಗನ ಊರಿಗೆ ಹೋಗುತ್ತಾರೆ ಎಂಬ ಸುದ್ದಿ ಹಬ್ಬಿತು ಎನ್ನಿ. ಮಾರ್ಚ್‌ನಲ್ಲಿ ಅವರು ಬೆಲೆ ಇಳಿಸಲು ಹೆದರುವುದಿಲ್ಲ, ಏಪ್ರಿಲ್‌ನಲ್ಲಿ ಅವರನ್ನು ಶಿಕ್ಷಿಸಲು ಆಗುವುದಿಲ್ಲವಲ್ಲ. ಮಾರ್ಚ್‌ನಲ್ಲಿ ಹೇಗೂ ಯುದ್ಧವಾಗುತ್ತದೆ ಎಂದಾದ ಮೇಲೆ ಫೆಬ್ರವರಿಯಲ್ಲಿ ಸುಮ್ಮನಿರಲು ನನಗೆ ಕಾರಣವಿಲ್ಲ. ಫೆಬ್ರವರಿಯೂ ಹೋಯಿತೆಂದರೆ ಜನವರಿಗೂ ಅದೇ ಗತಿ. ಹೆಣೆದ ಸ್ವೆಟರ್‌ನ ತುದಿಯ ಎಳೆ ಎಳೆದಂತೆ ನಂಬಿಕೆ ಕೊನೆಯ ದಿನದಿಂದ ಹಿಂದಕ್ಕೆ ಬಿಚ್ಚಿಕೊಳ್ಳುತ್ತಾ ಬರುತ್ತದೆ.

ಆಟ ಮುಂದುವರಿಯುತ್ತಲೇ ಇದ್ದರೆ ಹೇಗೆ ಆಡಬೇಕು? ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಇದಕ್ಕಾಗಿ ಒಂದು ಸ್ಪರ್ಧೆಯನ್ನೇ ಏರ್ಪಡಿಸಿ ಅದರ ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ವಿದ್ವಾಂಸರು ಕಳುಹಿಸಿದ 14 ಕಂಪ್ಯೂಟರ್ ಪ್ರೋಗ್ರಾಂಗಳು ಪರಸ್ಪರ ಕೈದಿಗಳ ಆಟವನ್ನು ಇನ್ನೂರು ಇನ್ನೂರು ಸುತ್ತು ಆಡಿದವು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ, ಟೊರಾಂಟೊದ ಅನಾಟೊಲ್ ರಾಪೊಪೋರ್ಟ್ ಕಳುಹಿಸಿದ್ದು. ಅದರ ನಿಯಮ ಇಷ್ಟೇ: ಮೊದಲ ಸಲ ಸಹಕರಿಸು, ಆಮೇಲೆ ಎದುರಾಳಿ ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡು. ಫಲಿತಾಂಶ ತಿಳಿದುಕೊಂಡ ಮೇಲೆ ಎರಡನೆಯ ಸ್ಪರ್ಧೆಗೆ 62 ಪ್ರೋಗ್ರಾಂಗಳು ಬಂದವು. ಆಗಲೂ ಇದೇ ಗೆದ್ದಿತು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ನಾನಾಗಿ ಮೊದಲು ಇಳಿಸುವುದಿಲ್ಲ, ನೀವು ಇಳಿಸಿದರೆ ಕೂಡಲೇ ಇಳಿಸುತ್ತೇನೆ, ನೀವು ಏರಿಸಿದರೆ ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ನಾನೂ ಏರಿಸುತ್ತೇನೆ.

ಆ ಸ್ಪರ್ಧೆಗೂ ನಮ್ಮ ಬೀದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಂಪ್ಯೂಟರ್‌ನಲ್ಲಿ ಎದುರಾಳಿ ಏನು ಮಾಡಿದ ಎಂಬುದು ನಿಚ್ಚಳವಾಗಿ ಕಾಣುತ್ತದೆ. ಬೀದಿಯಲ್ಲಿ ಹಾಗಲ್ಲ. ಎದುರಿನವರು ಡಬ್ಬಿ ಹರಿದ ಒಂದು ಮಿಕ್ಸಿಯನ್ನು 2,700ಕ್ಕೆ ಕೊಟ್ಟರು. ಕೊಂಡ ಹೆಂಗಸು ಡಬ್ಬಿಯ ವಿಷಯ ಹೇಳದೆ "ಅಲ್ಲಿ ಎರಡು ಸಾವಿರದ ಏಳುನೂರಕ್ಕೆ ಸಿಗುತ್ತದೆ" ಎಂದು ಇಲ್ಲಿ ಬಂದು ಹೇಳಿದರು. ಮೂಲೆಯ ಅಂಗಡಿಯವರು ಬೆಲೆ ಇಳಿಸಿದರು. ಎದುರಿನವರಿಗೆ ಅದು ಕಾರಣವಿಲ್ಲದ ದಾಳಿಯಾಗಿ ಕಂಡಿತು, ಅವರೂ ಇಳಿಸಿದರು. ಇಬ್ಬರೂ "ಅವರೇ ಶುರು ಮಾಡಿದ್ದು" ಎಂದು ಪ್ರಾಮಾಣಿಕವಾಗಿ ನಂಬಿದ್ದಾರೆ. ಗೆದ್ದ ಪ್ರೋಗ್ರಾಂನ ಈ ಏಟಿಗೆ ಏಟು ಎಂಬ ನಿಯಮ ಒಂದು ತಪ್ಪು ಕೇಳುವಿಕೆಯನ್ನು ಕೊನೆಯಿಲ್ಲದ ಪ್ರತಿಧ್ವನಿಯಾಗಿಸುತ್ತದೆ. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಎಂಬ ಸಂಶೋಧಕರು 1992ರಲ್ಲಿ ತೋರಿಸಿದ್ದು ಇದಕ್ಕೆ ಪರಿಹಾರ: ತಪ್ಪುಗಳಾಗುವ ಲೋಕದಲ್ಲಿ ಏಟು ಬಿದ್ದಾಗಲೆಲ್ಲ ತಿರುಗಿಸಿ ಹೊಡೆಯದೆ, ಸುಮಾರು ಮೂರರಲ್ಲಿ ಒಂದು ಸಲ ಸುಮ್ಮನೆ ಬಿಟ್ಟುಬಿಡುವ ಆಟಗಾರ ಹೆಚ್ಚು ಗಳಿಸುತ್ತಾನೆ. ಬೆಲೆ ಇಳಿದ ಸುದ್ದಿ ಬಂದಾಗ ಒಂದು ವಾರ ಕಾದು ನೋಡುವ ಹಳೆಯ ವ್ಯಾಪಾರಿಯ ಪದ್ಧತಿಗೂ ಇದಕ್ಕೂ ನನಗೆ ಹತ್ತಿರದ ನಂಟು ಕಾಣುತ್ತದೆ.

ಎದುರಿನವರ ಬೆಲೆ ಬೇಗ ಮತ್ತು ಸರಿಯಾಗಿ ಕಾಣುವುದು ಹೀಗೆ ಮುಖ್ಯವಾಗುತ್ತದೆ. ಫಲಕದಲ್ಲಿ 3,000 ಎಂದು ಬರೆದು ಗುಟ್ಟಾಗಿ "ನಿಮಗೆ ಮಾತ್ರ" ಎಂದು 2,900ಕ್ಕೆ ಕೊಡುವವರು ಮೂರು ತಿಂಗಳು ಸಿಕ್ಕಿಬೀಳದಿದ್ದರೆ ಅವರ ಹೆಚ್ಚುವರಿ ಗಳಿಕೆ 37,500 ಆಗುತ್ತದೆ. ಶಾಂತಿ ಮುರಿಯುವುದು ಬಹುಮಟ್ಟಿಗೆ ಇಂಥ ಗುಟ್ಟಿನ ರಿಯಾಯಿತಿಗಳಿಂದ.

ಈ ಗುಟ್ಟನ್ನು ಬಯಲಿಗೆಳೆಯಲು ವ್ಯಾಪಾರಿಗಳು ಕಂಡುಕೊಂಡ ಒಂದು ಉಪಾಯ ನನ್ನನ್ನು ಬೆರಗುಗೊಳಿಸುತ್ತದೆ. "ಬೇರೆ ಯಾವ ಅಂಗಡಿಯಲ್ಲಾದರೂ ಕಡಿಮೆ ಬೆಲೆ ಇದ್ದರೆ ತೋರಿಸಿ, ಅದೇ ಬೆಲೆಗೆ ನಾವು ಕೊಡುತ್ತೇವೆ" ಎಂಬ ಫಲಕವನ್ನು ನೀವು ನೋಡಿರಬಹುದು. ಗಿರಾಕಿಗೆ ಇದು ಯುದ್ಧ ಘೋಷಣೆಯಂತೆ, ತನ್ನ ಪರವಾದ ಭರವಸೆಯಂತೆ ಕಾಣುತ್ತದೆ. ಲೆಕ್ಕ ಮಾಡಿ ನೋಡಿ. ಮೂಲೆಯ ಅಂಗಡಿಯವರು ಈ ಫಲಕ ಹಾಕಿದ್ದಾರೆ. ಎದುರಿನವರು 2,900ಕ್ಕೆ ಇಳಿಸುತ್ತಾರೆ. ಮೂಲೆಯ ಗಿರಾಕಿಗಳು ರಸ್ತೆ ದಾಟಬೇಕಾದ ಅಗತ್ಯವೇ ಇಲ್ಲ, ಅದೇ ಬೆಲೆ ಇಲ್ಲೇ ಸಿಗುತ್ತದೆ. ಎದುರಿನವರಿಗೆ 85 ಗಿರಾಕಿಗಳ ಬದಲು ಹಳೆಯ ಐವತ್ತೇ ಉಳಿಯುತ್ತಾರೆ, ಲಾಭ 42,500ರ ಬದಲು 25,000. ಸುಮ್ಮನಿದ್ದರೆ 30,000 ಇತ್ತು! ಇಳಿಸುವ ಆಸೆಯೇ ಸತ್ತುಹೋಯಿತು. ಗುಟ್ಟಾಗಿ ಇಳಿಸಿದರೂ ಗಿರಾಕಿಯೇ ಬಿಲ್ ಹಿಡಿದು ಬಂದು ಸುದ್ದಿ ಮುಟ್ಟಿಸುತ್ತಾನೆ, ಬೇಹುಗಾರನಿಗೆ ಸಂಬಳ ಕೊಡಬೇಕಾಗಿಲ್ಲ. ಅತ್ಯಂತ ಕಡಿಮೆ ಬೆಲೆಯ ಭರವಸೆ ಕೊಡುವ ಫಲಕ ಬೆಲೆಯನ್ನು ಮೇಲೆ ಹಿಡಿದು ನಿಲ್ಲಿಸುತ್ತದೆ. ಅಂಥ ಫಲಕ ಎರಡೂ ಅಂಗಡಿಗಳಲ್ಲಿ ಇದ್ದು, ಬೆಲೆ ವರ್ಷವಿಡೀ ಕದಲದೆ ಇದ್ದರೆ, ಕೊಳ್ಳುವವರು ಇನ್ನೊಂದು ಊರಿನ ಬೆಲೆಯನ್ನೂ ವಿಚಾರಿಸುವುದು ಒಳ್ಳೆಯದು.

ಕೆಲವೊಮ್ಮೆ ಮೂರನೆಯವರು ನಡುವೆ ಬಂದು ಯುದ್ಧವನ್ನು ತಡೆಯುತ್ತಾರೆ. ಕಾರು ಮಾರುವ ಡೀಲರ್‌ಗಳು ಪರಸ್ಪರ ರಿಯಾಯಿತಿ ಹೆಚ್ಚಿಸದಂತೆ ಮಾರುತಿ ಸುಜುಕಿ ಕಂಪನಿ ಮಿತಿ ಹಾಕಿತ್ತು, ಗಿರಾಕಿಗಳ ವೇಷದಲ್ಲಿ ಜನರನ್ನು ಕಳುಹಿಸಿ ಪರೀಕ್ಷಿಸುತ್ತಿತ್ತು, ಮಿತಿ ಮೀರಿದವರಿಗೆ ದಂಡ ಹಾಕುತ್ತಿತ್ತು ಎಂದು ಭಾರತೀಯ ಸ್ಪರ್ಧಾ ಆಯೋಗ 2021ರ ಆಗಸ್ಟ್‌ನಲ್ಲಿ ತೀರ್ಮಾನಿಸಿ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ಆಯೋಗದ ಆದೇಶದಲ್ಲಿ ವಿವರಿಸಿದ ಆ ವ್ಯವಸ್ಥೆಯನ್ನು ನಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಎರಡು ಭಾಗಗಳು ಎದ್ದು ಕಾಣುತ್ತವೆ. ಒಂದು, ಗುಟ್ಟಿನ ರಿಯಾಯಿತಿಯನ್ನು ಪತ್ತೆ ಮಾಡುವುದು. ಇನ್ನೊಂದು, ಪತ್ತೆಯಾದ ಮೇಲೆ ಶಿಕ್ಷಿಸುವುದು. ಕೈದಿಗಳ ಇಕ್ಕಟ್ಟಿನಿಂದ ಪಾರಾಗಲು ಈ ಎರಡೂ ಬೇಕು.

ಈ ಲೆಕ್ಕ ಹೊಂದದ ಬೆಲೆ ಯುದ್ಧಗಳೂ ಉಂಟು. ನಮ್ಮ ಕಥೆಯಲ್ಲಿ ಯಾರೂ ಅಸಲಿಗಿಂತ ಕೆಳಗೆ ಹೋಗಲಿಲ್ಲ, ಪ್ರತಿ ಹೆಜ್ಜೆಯೂ ಈ ತಿಂಗಳ ಲಾಭಕ್ಕಾಗಿಯೇ ಇತ್ತು. ದೊಡ್ಡ ಬಂಡವಾಳದ ಅಂಗಡಿಯೊಂದು ತಿಂಗಳುಗಟ್ಟಲೆ ಅಸಲಿಗಿಂತ ಕಡಿಮೆಗೆ ಮಾರುತ್ತಿದ್ದರೆ ಅದು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಿಲ್ಲ. ಎದುರಿನವರನ್ನು ಓಡಿಸಿ ಆಮೇಲೆ ಒಬ್ಬರೇ ಬೆಲೆ ಏರಿಸುವ ಬೇರೆ ಆಟ ಆಡುತ್ತಿದೆ. ಆಗ ಏಟಿಗೆ ಏಟು ಎಂಬ ನಿಯಮ ಚಿಕ್ಕ ಅಂಗಡಿಯನ್ನು ಬೇಗ ಮುಳುಗಿಸುತ್ತದೆ.

ಕೊನೆಗೆ, ಓದುತ್ತಿರುವವರಲ್ಲಿ ಹಲವರ ಮನಸ್ಸಿನಲ್ಲಿ ಈಗಾಗಲೇ ಎದ್ದಿರುವ ಪ್ರಶ್ನೆ. ಇಷ್ಟೆಲ್ಲ ಯಾಕೆ, ಇಬ್ಬರೂ ಸಂಜೆ ಒಂದು ಕಪ್ ಚಹಾ ಕುಡಿಯುತ್ತಾ ಬೆಲೆ ಮಾತನಾಡಿಕೊಳ್ಳಬಾರದೇ? ಬಾರದು. ಪ್ರತಿಸ್ಪರ್ಧಿಗಳು ಕೂಡಿ ಬೆಲೆ ನಿಗದಿ ಮಾಡುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ. ಕಾನೂನು ಇಲ್ಲಿ ಗಿರಾಕಿಯ ಪರ ನಿಂತಿದೆ, ನನಗೂ ಅದೇ ಸರಿ ಎನ್ನಿಸುತ್ತದೆ. ಅಂಗಡಿಯವರು ತಲಾ 20,000 ಕಳೆದುಕೊಂಡರು ಎಂದು ಇಷ್ಟು ಹೊತ್ತು ಹೇಳಿದೆವಲ್ಲ, ಆ 40,000 ಎಲ್ಲೂ ಮಾಯವಾಗಲಿಲ್ಲ. ಮಿಕ್ಸಿ ಕೊಂಡ ನೂರು ಮನೆಗಳಲ್ಲಿ ತಲಾ 400 ರೂಪಾಯಿಯಾಗಿ ಉಳಿಯಿತು.

ಇಂಥ ಒಳ ಒಪ್ಪಂದಗಳನ್ನು ಒಡೆಯಲು ಕಾಯ್ದೆಯ 46ನೇ ಸೆಕ್ಷನ್ ಹಿಡಿದಿರುವ ದಾರಿ ನಮ್ಮನ್ನು ಆರಂಭಕ್ಕೇ ಕರೆದೊಯ್ಯುತ್ತದೆ. ಕೂಟದಲ್ಲಿದ್ದವರು ತಾವಾಗಿ ಬಂದು ಪೂರ್ಣ ಮಾಹಿತಿ ಕೊಟ್ಟರೆ ಆಯೋಗ ದಂಡ ಕಡಿಮೆ ಮಾಡಬಹುದು. ಮೊದಲು ಬಂದವರಿಗೆ ಸಂಪೂರ್ಣ ಮಾಫಿಯೂ ಸಿಗಬಹುದು, ಎರಡನೆಯವರಿಗೆ ಹೆಚ್ಚೆಂದರೆ ಅರ್ಧ. ಚಹಾ ಕುಡಿದು ಮನೆಗೆ ಹೋದ ಇಬ್ಬರೂ ವ್ಯಾಪಾರಿಗಳು ಆ ರಾತ್ರಿ ಒಂದೇ ಪ್ರಶ್ನೆಯನ್ನು ಹೊದ್ದು ಮಲಗುತ್ತಾರೆ: ನಾಳೆ ಬೆಳಗ್ಗೆ ಅವರು ನನಗಿಂತ ಮೊದಲು ಹೋಗಿ ಹೇಳಿಬಿಟ್ಟರೆ?